ಬಿಡುಗಡೆ ಪತ್ರ: ಎಡ ಅಡ್ರಿನಲ್ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರ

ರೋಗಿ: 44 ವರ್ಷದ ಮಹಿಳೆ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ
ಶಸ್ತ್ರಚಿಕಿತ್ಸೆ: 8 ಏಪ್ರಿಲ್ 2025, ಕಲಬುರಗಿ
ಬಿಡುಗಡೆ: 12 ಏಪ್ರಿಲ್ 2025

ಅಮ್ಮಾ, ನಿಮ್ಮ ಎಡ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ 3.2 ಸೆಂ.ಮೀ. ಗಡ್ಡೆ ಬೆಳೆದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಯುತ್ತಿದ್ದುದರಿಂದಲೇ ನಿಮ್ಮ ಮುಖ ಊದಿಕೊಂಡು, ಬಿಪಿ ಮತ್ತು ಸಕ್ಕರೆ ಏರಿ, ಕೈಕಾಲುಗಳ ಬಲ ಕುಂದಿತ್ತು. ಆ ಗ್ರಂಥಿಯನ್ನು ಗಡ್ಡೆಯ ಸಮೇತ ದುರ್ಬೀನಿನ ಮೂಲಕ ತೆಗೆದಿದ್ದೇವೆ. ಅದರ ಬಯಾಪ್ಸಿ ವರದಿಯನ್ನು ಮುಂದಿನ ಭೇಟಿಯಲ್ಲಿ ತಿಳಿಸುತ್ತೇವೆ.

ಬಲಗಡೆಯ ಗ್ರಂಥಿ ಇದೆ, ಆದರೆ ಅದು ಸದ್ಯ ಕೆಲಸ ಮಾಡುತ್ತಿಲ್ಲ. ಗಡ್ಡೆಯೊಂದೇ ಬೇಕಾದುದಕ್ಕಿಂತ ಹೆಚ್ಚು ಹಾರ್ಮೋನು ಕೊಡುತ್ತಿದ್ದ ಕಾರಣ, ಗ್ರಂಥಿಗೆ ಆಜ್ಞೆ ಕಳಿಸುವ ಮೆದುಳಿನ ಭಾಗ ಸುಮ್ಮನಾಗಿ, ಒಳ್ಳೆಯ ಗ್ರಂಥಿಯೂ ಮಲಗಿಬಿಟ್ಟಿದೆ. ಅದು ಎಚ್ಚರಗೊಳ್ಳಲು ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಅಲ್ಲಿಯವರೆಗೆ ಹೈಡ್ರೊಕಾರ್ಟಿಸೋನ್ ಗುಳಿಗೆ ಆ ಜಾಗ ತುಂಬುತ್ತದೆ. ಸ್ಟಿರಾಯ್ಡ್ ಎಂದರೆ ಕೆಟ್ಟದ್ದು, ಬೇಗ ಬಿಡಬೇಕು ಎಂದು ಊರಿನಲ್ಲಿ ಯಾರು ಹೇಳಿದರೂ ಕೇಳಬೇಡಿ. ಈ ಗುಳಿಗೆ ನಿಮಗೆ ದೇಹಕ್ಕೆ ದಿನವೂ ಬೇಕಾದುದನ್ನು ಮಾತ್ರ ಕೊಡುತ್ತದೆ, ಅದನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವಾರ್ಡಿನಲ್ಲಿ ಮೂರನೆಯ ದಿನ ಬೆಳಗಿನ ಗುಳಿಗೆ ಹನ್ನೊಂದು ಗಂಟೆಗೆ ತಡವಾದಾಗ ಮಂಚದಿಂದ ಏಳುತ್ತಲೇ ನಿಮಗೆ ಕಣ್ಣು ಕತ್ತಲೆ ಬಂದು ಬಿಪಿ 90/60ಕ್ಕೆ ಇಳಿದದ್ದು, ಔಷಧ ಮತ್ತು ಸಲೈನ್ ಕೊಟ್ಟ ಮೇಲೆ ಸರಿಯಾದದ್ದು ನಿಮ್ಮ ಮಗನಿಗೂ ನೆನಪಿರಬಹುದು.

ಸದ್ಯದ ಪ್ರಮಾಣ ಹೀಗಿದೆ: 10 ಮಿ.ಗ್ರಾಂ. ಗುಳಿಗೆ ಬೆಳಿಗ್ಗೆ ಎದ್ದ ಕೂಡಲೇ ಎರಡು, ಮಧ್ಯಾಹ್ನ ಎರಡು ಗಂಟೆಗೆ ಒಂದು, ಏನಾದರೂ ತಿಂದುಕೊಂಡು. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ. ಇದನ್ನು ಇಳಿಸುವ ಕೆಲಸ ನಮ್ಮದು, ನೀವಾಗಿ ಇಳಿಸಬೇಡಿ. ಇಳಿಸುವಾಗ ಮೈಕೈ ನೋವು, ಸುಸ್ತು, ಚರ್ಮ ಸುಲಿಯುವುದು, ಮನಸ್ಸು ಕುಗ್ಗುವುದು ಕೆಲವು ವಾರಗಳವರೆಗೆ ಇರಬಹುದು. ಅದನ್ನು ನಮಗೆ ಹೇಳಿ. ಗುಳಿಗೆ ಮುಗಿಯುವುದಕ್ಕೆ ಹತ್ತು ದಿನ ಮೊದಲೇ ಹೊಸ ಚೀಟಿ ತರಿಸಿಕೊಳ್ಳಿ, ಏಕೆಂದರೆ ಎಲ್ಲ ಔಷಧದಂಗಡಿಗಳಲ್ಲೂ ಇದು ಸಿಗುವುದಿಲ್ಲ.

ಕಾಯಿಲೆ ಬಂದ ದಿನ ಆರೋಗ್ಯವಂತರ ದೇಹ ತಾನಾಗಿ ಹೆಚ್ಚು ಕಾರ್ಟಿಸಾಲ್ ಮಾಡಿಕೊಳ್ಳುತ್ತದೆ. ನಿಮ್ಮದು ಈಗ ಮಾಡಲಾರದು. ಆದ್ದರಿಂದ ಜ್ವರ 100.4 ಡಿಗ್ರಿ ದಾಟಿದರೆ ಪ್ರತಿ ಹೊತ್ತಿನ ಗುಳಿಗೆಯನ್ನು ದುಪ್ಪಟ್ಟು ಮಾಡಿ, ಜ್ವರ ಬಿಟ್ಟ ಮರುದಿನ ಹಳೆಯ ಪ್ರಮಾಣಕ್ಕೆ ಬನ್ನಿ. ಮೂರು ದಿನಕ್ಕೂ ಬಿಡದಿದ್ದರೆ ನಮ್ಮಲ್ಲಿಗೆ ಬನ್ನಿ. ಹಲ್ಲು ಕೀಳಿಸುವ ಅಥವಾ ಬೇರೆ ಯಾವುದೇ ಆಪರೇಷನ್‌ನ ಮೊದಲು ಡಾಕ್ಟರಿಗೆ ಈ ಪತ್ರ ತೋರಿಸಿ. ಗುಳಿಗೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಿ; ಅದೂ ಹೊರಬಿದ್ದರೆ ಕಾಯಬಾರದು. ಜತೆಗೆ ಕೊಟ್ಟಿರುವ 100 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಅನ್ನು ನಿಮ್ಮ ಮಗ ಇಲ್ಲಿ ಕಲಿತಂತೆ ತೊಡೆಯ ಸ್ನಾಯುವಿಗೆ ಕೊಟ್ಟು, 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಚುಚ್ಚುವುದೋ ಬೇಡವೋ ಎಂಬ ಅನುಮಾನ ಬಂದರೆ ಚುಚ್ಚುವುದೇ ಸರಿ, ಒಂದು ಡೋಸ್ ಹೆಚ್ಚಾದರೆ ಹಾನಿಯಿಲ್ಲ.

ತಲೆ ಸುತ್ತಿ ಬೀಳುವಂತಾಗುವುದು, ಎದ್ದು ನಿಲ್ಲಲಾಗದಷ್ಟು ಬಲಹೀನತೆ, ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ ಅಥವಾ ಭೇದಿ, ಮಂಪರು ಅಥವಾ ತೊದಲು ಮಾತು ಕಂಡರೆ ಅದು ಸ್ಟಿರಾಯ್ಡ್ ಕೊರತೆಯ ತುರ್ತು ಸ್ಥಿತಿ. ಇಂಜೆಕ್ಷನ್ ಕೊಟ್ಟೇ ಹೊರಡಿ. ಅಲ್ಲಿ ಈ ಪತ್ರ ತೋರಿಸಿ, “ಅಡ್ರಿನಲ್ ಆಪರೇಷನ್ ಆಗಿದೆ, ಸ್ಟಿರಾಯ್ಡ್ ಬೇಕು” ಎಂದು ಮೊದಲ ಮಾತಿಗೇ ಹೇಳಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರಿನ ಜತೆ ನೀರು ಉಪ್ಪು ಹೋಗುವುದರಿಂದ ಮಧ್ಯಾಹ್ನ ಹೊಲದ ಕೆಲಸ ಬೇಡ, ಮಜ್ಜಿಗೆ ಅಂಬಲಿ ಧಾರಾಳವಾಗಿ ಕುಡಿಯಿರಿ. ಈ ವರ್ಷ ಉಪವಾಸವೂ ಬೇಡ.

ಕಾರ್ಟಿಸಾಲ್ ಇಳಿದಂತೆ ಸಕ್ಕರೆ ಮತ್ತು ಬಿಪಿಯೂ ಇಳಿಯುತ್ತವೆ. ಇನ್ಸುಲಿನ್ ಮತ್ತು ಒಂದು ಬಿಪಿ ಗುಳಿಗೆ ನಿಲ್ಲಿಸಿದ್ದೇವೆ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ದಿನಕ್ಕೆರಡು ಸಲ ಮುಂದುವರಿಯಲಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಬೆಲ್ಲದ ನೀರು ಕುಡಿದು ನಮಗೆ ಫೋನ್ ಮಾಡಿ.

ಗಾಯ ಕೆಂಪಾಗಿ ಕೀವು ಬಂದರೆ, ಒಂದೇ ಕಾಲು ಊದಿ ನೋವಾದರೆ ಬನ್ನಿ; ತಟ್ಟನೆ ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದಾದ್ದರಿಂದ ಕೂಡಲೇ 108ಕ್ಕೆ ಕರೆ ಮಾಡಿ. ದಿನವೂ ನಡೆದಾಡಿ, ನಾಲ್ಕು ವಾರ ತುಂಬಿದ ಕೊಡ ಎತ್ತಬೇಡಿ.

ಹೊಲಿಗೆಯನ್ನು 19 ಏಪ್ರಿಲ್‌ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಸಿ, 28 ಏಪ್ರಿಲ್ ಬೆಳಿಗ್ಗೆ ಇಲ್ಲಿಗೆ ಬನ್ನಿ. ಮುಂದೆ ಕಾರ್ಟಿಸಾಲ್ ರಕ್ತಪರೀಕ್ಷೆ ಇರುವ ದಿನ ಮಾತ್ರ ನಾವು ಹೇಳಿದಂತೆ ಗುಳಿಗೆ ತಡೆದು, ಬೆಳಿಗ್ಗೆ ಎಂಟು ಗಂಟೆಗೆ ರಕ್ತ ಕೊಟ್ಟು, ಅಲ್ಲೇ ಕುಳಿತು ಗುಳಿಗೆ ನುಂಗಬೇಕು. ಆ ದಿನ ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬನ್ನಿ.

ಶಸ್ತ್ರಚಿಕಿತ್ಸಾ ವಿಭಾಗ, ಕಲಬುರಗಿ