ಅಕ್ಷರ ಕೊಂಡಿ: ಮಳೆ ರಜೆಯ ಜಗಲಿ ಆಟ

ಆಷಾಢದ ಮಳೆ ಜೋರಾಗಿ ಶಾಲೆಗೆ ರಜೆ ಸಿಕ್ಕಿದಾಗ, ಕರೆಂಟೂ ಹೋದಾಗ, ಜಗಲಿಯಲ್ಲಿ ಕೂತು ಆಡುವ ಆಟ ಇದು. ಪೆನ್ನು ಬೇಡ, ಕಾಗದ ಬೇಡ. ಒಂದು ಹಿಡಿ ಹುಣಸೆ ಬೀಜ ಇದ್ದರೆ ಸಾಕು. ಮೂವರಿಂದ ಎಂಟು ಜನರವರೆಗೆ ಆಡಬಹುದು. ಎರಡನೇ ಕ್ಲಾಸಿನ ಮಗುವಿನಿಂದ ಹಿಡಿದು ಅಜ್ಜಿಯವರೆಗೂ ಒಟ್ಟಿಗೇ ಕೂರಬಹುದು. ದೊಡ್ಡವರೊಬ್ಬರು ಜೊತೆಗಿದ್ದರೆ ಆಟ ಇನ್ನೂ ಚೆನ್ನಾಗಿ ನಡೆಯುತ್ತದೆ.

ಆಟ ಇಷ್ಟೇ. ಒಬ್ಬರು ಒಂದು ಪದ ಹೇಳಬೇಕು. ಆ ಪದದ ಕೊನೆಯ ಅಕ್ಷರದಿಂದ ಶುರುವಾಗುವ ಪದವನ್ನು ಪಕ್ಕದವರು ಹೇಳಬೇಕು. ಹೀಗೇ ಸುತ್ತು ಸಾಗುತ್ತದೆ. ಒಮ್ಮೆ ಬಂದ ಪದ ಆ ಸುತ್ತಿನಲ್ಲಿ ಮತ್ತೆ ಬರಬಾರದು. ಪ್ರತಿಯೊಬ್ಬರ ಹತ್ತಿರ ಐದು ಬೀಜ ಇರುತ್ತವೆ. ಎಲ್ಲರೂ ಸೇರಿ ಹತ್ತು ಚಪ್ಪಾಳೆ ಹೊಡೆಯುವುದರೊಳಗೆ ಪದ ಹೊಳೆಯದಿದ್ದರೆ ಒಂದು ಬೀಜವನ್ನು ನಡುವಿನ ಬಟ್ಟಲಿಗೆ ಹಾಕಬೇಕು. ಬೀಜ ಮುಗಿದವರು ಚಪ್ಪಾಳೆ ಹೊಡೆಯುವ ಕೆಲಸಕ್ಕೆ. ಕೊನೆಗೆ ಉಳಿದವರು ಗೆದ್ದರು.

ಈಗ ಅಕ್ಷರದ ನಿಯಮ. ಜಗಳ ಬರುವುದೆಲ್ಲ ಇಲ್ಲೇ. ಹಾಗಾಗಿ ಆಟ ಶುರು ಮಾಡುವ ಮೊದಲು ಇದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ.

ಮೊದಲ ಮಾತು: ಕಿವಿಗೆ ಕೇಳಿದ್ದೇ ಅಕ್ಷರ. ಬರೆದರೆ ಹೇಗೆ ಕಾಣುತ್ತದೆ ಅಂತ ಯೋಚಿಸಬೇಡಿ.

ಒತ್ತಕ್ಷರ ಬಂದರೆ ಕೊನೆಗೆ ಕೇಳುವ ಸದ್ದನ್ನು ಹಿಡಿಯಿರಿ. ‘ಅಕ್ಕಿ’ಗೆ ಕಿ. ‘ಹಸ್ತ’ಕ್ಕೆ ತ. ‘ಚಂದ್ರ’ಕ್ಕೆ ರ.

ಕನ್ನಡದಲ್ಲಿ ಳ, ಣ ಅಕ್ಷರಗಳಿಂದ ಪದ ಶುರುವಾಗುವುದಿಲ್ಲ ಅಲ್ವಾ? ಆದರೆ ಪದದ ಕೊನೆಯಲ್ಲಿ ಅವು ಜಾಸ್ತಿ. ಮಳೆ, ಬಾಳೆ, ಕಂಬಳಿ, ಹಪ್ಪಳ, ಬೆಣ್ಣೆ, ಹಣ್ಣು. ಅದಕ್ಕೇ ಳ ಬಂದರೆ ಲ ಹಿಡಿಯಿರಿ, ಣ ಬಂದರೆ ನ ಹಿಡಿಯಿರಿ. ಷ ಬಂದರೆ ಶ ನಡೆಯುತ್ತದೆ. ಬ ಮತ್ತು ಭ, ದ ಮತ್ತು ಧ, ಹೀಗೆ ಅಲ್ಪಪ್ರಾಣಕ್ಕೆ ಮಹಾಪ್ರಾಣ, ಮಹಾಪ್ರಾಣಕ್ಕೆ ಅಲ್ಪಪ್ರಾಣ ನಡೆಯುತ್ತದೆ.

ಬಸ್, ಟೇಬಲ್ ಎಂದು ನಿಲ್ಲಿಸುವಂತಿಲ್ಲ. ಮನೆಯಲ್ಲಿ ಹೇಳುವ ಹಾಗೆ ಬಸ್ಸು, ಟೇಬಲ್ಲು ಎಂದು ಹೇಳಿ. ಅಲ್ಲಿಗೆ ಸು, ಲು ಸಿಕ್ಕಿತು.

ಮೂರು ಬಗೆಯ ಪದ ಬೇಡ. ‘ಗಳು’ ಸೇರಿಸಿದ ಪದ ಬೇಡ, ಯಾಕೆಂದರೆ ಮರಗಳು, ಹೂಗಳು ಅಂತ ಎಲ್ಲರೂ ಳು ಕೊಡುತ್ತಾ ಹೋದರೆ ಆಟ ಅಲ್ಲೇ ಕೆಡುತ್ತದೆ. ಬಂದನು, ಹೋಗುತ್ತಾಳೆ ಥರದ ಕ್ರಿಯಾಪದ ಬೇಡ. ಜನರ ಹೆಸರು ಬೇಡ. ಉಳಿದಂತೆ ಮನೆಯಲ್ಲಿ, ತೋಟದಲ್ಲಿ, ಪೇಟೆಯಲ್ಲಿ ಆಡುವ ಪದ ಎಲ್ಲವೂ ಸರಿ. ಪುಸ್ತಕದಲ್ಲಿ ಇದೆಯೋ ಇಲ್ಲವೋ ಕೇಳಬೇಡಿ. ಆದರೆ ಯಾರಿಗಾದರೂ ಪದ ಗೊತ್ತಿಲ್ಲದಿದ್ದರೆ ಹೇಳಿದವರೇ ತಿಳಿಸಿ ಕೊಡಬೇಕು. ದಾವಣಗೆರೆಯಿಂದ ಬಂದ ನೆಂಟರ ಹುಡುಗನಿಗೆ ‘ಉಂಬಳ’ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಗದ್ದೆ ಬದುವಿನಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಹುಳ ಎಂದು ಹೇಳಿ, ‘ಅದೇ, ಜಿಗಣೆ ಜಾತಿದು’ ಎಂದರೆ ಸಾಕು. ನನಗಂತೂ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಈ ಭಾಗವೇ. ಸಂಕ, ದಬ್ಬೆ, ಕಳಲೆ ಇಂಥ ಪದಗಳು ಮಕ್ಕಳ ಬಾಯಿಗೆ ಬರುವುದು ಹೀಗೆ ಆಡುತ್ತಲೇ.

ಸುಲಭದ ಆಟದಲ್ಲಿ ಕೊನೆಯ ವ್ಯಂಜನ ಒಂದೇ ಲೆಕ್ಕ, ಕಾಗುಣಿತ ಯಾವುದಾದರೂ ಸರಿ. ತುಂಗಾ ತೀರದ ಈ ಮನೆಯ ಜಗಲಿಯಲ್ಲಿ ನಾಲ್ವರು ಆಡಿದ ಸುತ್ತು ನೋಡಿ.

ಸಿರಿ: ಮಳೆ.
ಅನೂಪ: ಳ ಅಂದ್ರೆ ಲ. ಲಾಟೀನು.
ಚಿನ್ಮಯಿ: ನೆಲ್ಲಿಕಾಯಿ.
ಅಜ್ಜಿ: ಯಕ್ಷಗಾನ.
ಸಿರಿ: ನವಿಲು.
ಅನೂಪ: ಲೋಟ.
ಚಿನ್ಮಯಿ: ಟೊಪ್ಪಿ.
ಅಜ್ಜಿ: ಪತ್ರೊಡೆ.
ಸಿರಿ: ಅಜ್ಜಿ, ಈಗ ಅದನ್ನ ನೆನಪಿಸ್ಬೇಡಿ, ಹಸಿವಾಗುತ್ತೆ! ಡೊಳ್ಳು.
ಅನೂಪ: ಲಾರಿ.
ಚಿನ್ಮಯಿ: ರೊಟ್ಟಿ.
ಅಜ್ಜಿ: ಟಗರು.

ಈ ಆಟ ಬೇಗ ಮುಗಿಯುವುದಿಲ್ಲ. ಚಿಕ್ಕವರಿಗೆ ಅದೇ ಬೇಕಾದ್ದು.

ಐದನೇ ಕ್ಲಾಸು ದಾಟಿದವರು ಬಿಗಿ ಆಟ ಆಡಿ. ಇಲ್ಲಿ ಕಾಗುಣಿತವೂ ಹೊಂದಬೇಕು. ಕೆ ಬಂದರೆ ಕೆ ಇಲ್ಲವೇ ಕೇ. ಹ್ರಸ್ವ, ದೀರ್ಘ ಎರಡೂ ಒಂದೇ. ಜೊತೆಗೆ ‘ಬಲೆ’ ಎಂಬ ನಿಯಮವಿದೆ. ಪಕ್ಕದವರನ್ನು ಸಿಕ್ಕಿಸಲು ಸುಮ್ನೆ ಕಷ್ಟದ ಅಕ್ಷರ ಕೊಟ್ಟು ಕೂರುವಂತಿಲ್ಲ. ಪಕ್ಕದವರಿಗೆ ಹೊಳೆಯದಿದ್ದರೆ ‘ನೀನೇ ಹೇಳು’ ಎನ್ನಬಹುದು. ಆಗ ಕೊಟ್ಟವರೇ ಪದ ಹೇಳಬೇಕು. ಹೇಳಿದರೆ ಸಿಕ್ಕಿಬಿದ್ದವರ ಬೀಜ ಹೋಯಿತು, ಹೇಳದಿದ್ದರೆ ಬಲೆ ಹಾಕಿದವರದೇ ಬೀಜ ಹೋಯಿತು. ಯಾರ ಹತ್ತಿರವೂ ಪದವಿಲ್ಲ ಎಂದಾದ ಮೇಲೆ, ಆ ಅಕ್ಷರಕ್ಕೆ ಮಾತ್ರ ಕಾಗುಣಿತ ಬಿಟ್ಟು ವ್ಯಂಜನ ಹಿಡಿದು ಮುಂದೆ ಹೋಗಿ. ಯಿ, ಡು ಇವೆರಡಕ್ಕೆ ಈ ಸಡಿಲಿಕೆ ಮೊದಲಿಂದಲೇ ಇರಲಿ. ಕಾಯಿ, ನಾಯಿ, ಕಾಡು, ನಾಡು ಎಂದಾಗಲೆಲ್ಲ ಆಟ ನಿಂತರೆ ಬೇಜಾರು.

ಅದೇ ನಾಲ್ವರ ಬಿಗಿ ಸುತ್ತು:

ಚಿನ್ಮಯಿ: ಅಡಿಕೆ.
ಅಜ್ಜಿ: ಕೆರೆ.
ಸಿರಿ: ರೆಕ್ಕೆ.
ಅನೂಪ: ಕೆಸು.
ಚಿನ್ಮಯಿ: ಸುಣ್ಣ.
ಅಜ್ಜಿ: ಣಕ್ಕೆ ನ. ನರಿ.
ಸಿರಿ: ರಿಕ್ಷಾ.
ಅನೂಪ: ಷಾ ಅಲ್ವಾ? ಶಾಲೆ.
ಚಿನ್ಮಯಿ: ಲೆಕ್ಕ.
ಅಜ್ಜಿ: ಕಳಲೆ.
ಸಿರಿ: ಲೇಖನಿ.
ಅನೂಪ: ನಿದ್ದೆ.
ಚಿನ್ಮಯಿ: ದೇವರು.
ಅಜ್ಜಿ: ರುಚಿ.
ಸಿರಿ: ಚಿಟ್ಟೆ.
ಅನೂಪ: ಟೇಬಲ್ಲು.
ಚಿನ್ಮಯಿ: ಲುಂಗಿ.
ಅಜ್ಜಿ: ಗಿಳಿ.
ಸಿರಿ: ಲಿಂಬೆ.
ಅನೂಪ: ನಿಂಬೆ ಅಲ್ವೇನೇ ಅದು?
ಅಜ್ಜಿ: ನಮ್ಮನೇಲಿ ಲಿಂಬೆ ಅಂತ್ಲೇ ಹೇಳೋದು ಮಾರಾಯ. ಸರಿ ಇದೆ.
ಅನೂಪ: ಬೆಲ್ಲ.
ಚಿನ್ಮಯಿ: ಲಗೋರಿ.
ಅಜ್ಜಿ: ರಿ... ರಿಕ್ಷಾ ಆಗ್ಲೇ ಬಂತು. ನೀನೇ ಹೇಳು ಪುಟ್ಟಿ.
ಚಿನ್ಮಯಿ: ರಿಬ್ಬನ್ನು!

ಅಜ್ಜಿಯ ಒಂದು ಬೀಜ ಬಟ್ಟಲಿಗೆ. ಸಿರಿ ಈಗ ನು ಹಿಡಿಯಬೇಕು. ‘ನುಗ್ಗೆಕಾಯಿ’ ಎಂದಳು. ಕೊನೆಗೆ ಯಿ, ಅಂದರೆ ಸಡಿಲಿಕೆ. ಅನೂಪ ‘ಯಂತ್ರ’ ಎಂದು ಪಾರಾದ.

ಒಂದು ಗುಟ್ಟು. ನಮ್ಮ ಪದಗಳಲ್ಲಿ ರು ಇಂದ ಮುಗಿಯುವುದು ಬೇಕಾದಷ್ಟಿವೆ: ಹೆಸರು, ಕೆಸರು, ಮೊಸರು, ಬೇರು, ನೀರು. ರು ಇಂದ ಶುರುವಾಗುವುದು ಬೆರಳೆಣಿಕೆಯಷ್ಟು. ಹಾಗಾಗಿ ರುಚಿ, ರುಮಾಲು, ರುಬ್ಬುಗುಂಡು ಇವನ್ನು ಬೇಗ ಖರ್ಚು ಮಾಡದೆ ಇಟ್ಟುಕೊಂಡವರು ಗೆಲ್ಲುವುದು ಜಾಸ್ತಿ.

ಊರಿನ ಸುತ್ತು ಅಂತ ಒಂದಿದೆ. ಊರು, ನದಿ, ಅಣೆಕಟ್ಟಿನ ಹೆಸರು ಮಾತ್ರ ಹೇಳಬೇಕು. ಅಕ್ಷರಕ್ಕೆ ಸುಲಭದ ನಿಯಮ. ಹೇಳಿದವರು ಆ ಜಾಗದ ಬಗ್ಗೆ ಒಂದು ಮಾತನ್ನೂ ಸೇರಿಸಬೇಕು.

ಅನೂಪ: ಆಗುಂಬೆ. ಸೂರ್ಯಾಸ್ತ ನೋಡೋಕೆ ಹೋಗ್ತಾರೆ, ಮೋಡ ಇಲ್ದಿದ್ರೆ.
ಸಿರಿ: ಬ ಅಂದ್ರೆ ಭ ನಡೆಯುತ್ತೆ. ಭದ್ರಾವತಿ. ಕಬ್ಬಿಣದ ಕಾರ್ಖಾನೆ ಊರು.
ಅಜ್ಜಿ: ತೀರ್ಥಹಳ್ಳಿ. ಎಳ್ಳಮಾವಾಸ್ಯೆ ಜಾತ್ರೆ.
ಚಿನ್ಮಯಿ: ಲಿಂಗನಮಕ್ಕಿ. ಶರಾವತಿಯ ಅಣೆಕಟ್ಟು, 1964ರಲ್ಲಿ ಆಗಿದ್ದು.
ಅನೂಪ: ಕೂಡ್ಲಿ. ತುಂಗೆ, ಭದ್ರೆ ಅಲ್ಲೇ ಸೇರೋದು.
ಸಿರಿ: ಲಕ್ಕವಳ್ಳಿ. ಭದ್ರಾ ಅಣೆಕಟ್ಟು.
ಅಜ್ಜಿ: ಮತ್ತೆ ಲ ಬಂತಾ!

ನಮ್ಮ ಕಡೆ ‘ಹಳ್ಳಿ’ಗೆ ಮುಗಿಯುವ ಊರು ಬಹಳ. ಲ ಇಂದ ಶುರುವಾಗುವ ಊರು ಅಷ್ಟಿಲ್ಲ. ಅದಕ್ಕೇ ಈ ಸುತ್ತಿನಲ್ಲಿ ಒಂದು ವಿನಾಯಿತಿ: ‘ಹಳ್ಳಿ’ ಅಥವಾ ‘ವಳ್ಳಿ’ ಬಂದರೆ ಅದನ್ನು ಬಿಟ್ಟು ಅದರ ಹಿಂದಿನ ಅಕ್ಷರ ಹಿಡಿಯಬಹುದು. ಲಕ್ಕವಳ್ಳಿಗೆ ಕ. ಅಜ್ಜಿ ತಕ್ಷಣ ‘ಕೆಳದಿ, ನಾಯಕರ ರಾಜಧಾನಿ’ ಎಂದರು. ದಿ ಚಿನ್ಮಯಿಗೆ ಹೋಯಿತು. ಅವಳು ದಾವಣಗೆರೆ ಎಂದಳು, ಬೆಣ್ಣೆ ದೋಸೆ ಎಂದು ಸೇರಿಸಿದಳು.

ಇನ್ನೂ ಓದಲು ಬರದ ಪುಟಾಣಿ ಇದ್ದರೆ ದೊಡ್ಡವರ ತೊಡೆಯ ಮೇಲೆ ಕೂರಿಸಿಕೊಳ್ಳಿ. ಅದಕ್ಕೆ ಬೀಜದ ಲೆಕ್ಕ ಬೇಡ. ಅದರ ಸರದಿ ಬಂದಾಗ ಅಕ್ಷರವನ್ನು ಎಳೆದು ಹೇಳಿ, ‘ಬಾ... ಬಾ... ತೋಟದಲ್ಲಿದೆ, ಗೊನೆ ಬಿಡುತ್ತೆ’ ಅಂತ ಸುಳಿವು ಕೊಡಿ. ‘ಬಾಳೆ’ ಎಂದಾಗ ಹತ್ತು ಚಪ್ಪಾಳೆಯನ್ನೂ ಅದಕ್ಕೇ ಹೊಡೆಯಿರಿ. ಗೆದ್ದವರು ಮುಂದಿನ ಸುತ್ತಿನ ಮೊದಲ ಪದ ಹೇಳಬೇಕು, ಬಟ್ಟಲಿನ ಬೀಜಗಳನ್ನು ಎಲ್ಲರಿಗೂ ಹಂಚಬೇಕು.