ಮೈಕಿನಲ್ಲಿ ಬಾಯಿತಪ್ಪಿ ಬಂದ ಮಾತಿನ ಬಗ್ಗೆ, ನಿನಗೆ

ನಿನ್ನ ಮೆಸೇಜ್ ಈಗ ನೋಡಿದೆ ಕಣೇ. ಬೆಳಗಿನ ಜಾವ ಮೂರು ಗಂಟೆಗೆ ಕಳಿಸಿದ್ದೀಯ, ಅಂದರೆ ನಿನ್ನೆ ರಾತ್ರಿಯೂ ನಿದ್ದೆ ಇಲ್ಲ. ಫೋನಿನಲ್ಲಿ ಹೇಳೋಕೆ ಹೊರಟರೆ "ಬಿಡೇ, ಸಮಾಧಾನಕ್ಕೆ ಹೇಳ್ತೀಯ" ಅಂತ ಅರ್ಧಕ್ಕೇ ನಿಲ್ಲಿಸಿಬಿಡ್ತೀಯ. ಅದಕ್ಕೇ ಬರೀತಿದ್ದೀನಿ. ಪೂರ್ತಿ ಓದು.

ಯಾರೂ ಗಮನಿಸಲಿಲ್ಲ ಅಂತ ನಾನು ಹೇಳಲ್ಲ. ಎಲ್ಲರಿಗೂ ಕೇಳಿಸಿತು. ಬೀಳ್ಕೊಡುಗೆ ಸಮಾರಂಭದಲ್ಲಿ, ಎದುರಿಗೇ ಕೂತಿದ್ದ ಸಾಹೇಬರ ಹೆಸರಿನ ಮುಂದೆ "ದಿವಂಗತ" ಅಂದೆ, ಸಭೆಯೆಲ್ಲ ಗೊಳ್ಳಂತ ನಕ್ಕಿತು. ನಡೆದದ್ದು ನಡೆಯಿತು. ಆದರೆ ನೀನು ದಿನಾ ನೋಡ್ತಿರೋ ದೃಶ್ಯ ಆ ನಗುವಿನ ಹತ್ತಿರ ನಿಂತುಬಿಡುತ್ತೆ, ಮತ್ತೆ ಮೊದಲಿಂದ ಶುರುವಾಗುತ್ತೆ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಆಮೇಲೇನಾಯ್ತು ಅನ್ನೋದನ್ನ ನಿನಗಿಂತ ಚೆನ್ನಾಗಿ ನೋಡಿದ್ದೀನಿ.

ಎಲ್ಲರಿಗಿಂತ ಮೊದಲು ನಕ್ಕಿದ್ದು ಸಾಹೇಬರೇ. ನೀನು ಆಗ ತಲೆ ತಗ್ಗಿಸಿ ಚೀಟಿ ನೋಡ್ತಿದ್ದೆ, ಅದಕ್ಕೇ ನಿನಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿ ಅವರ ಭುಜ ಮುಟ್ಟಿ ಏನೋ ಅಂದರು, ಇಬ್ಬರೂ ಮತ್ತೆ ನಕ್ಕರು. ಅಷ್ಟರಲ್ಲಿ ನೀನು "ಕ್ಷಮಿಸಿ, ಸನ್ಮಾನ್ಯ" ಅಂತ ತಿದ್ದಿಕೊಂಡು ಮುಂದಕ್ಕೆ ಹೋದೆ. ಸನ್ಮಾನ, ಭಾಷಣಗಳು, ವಂದನಾರ್ಪಣೆ, ಎಲ್ಲವನ್ನೂ ಒಂದೂ ತೊಡಕಿಲ್ಲದೆ ನಡೆಸಿಕೊಟ್ಟೆ. ಧ್ವನಿ ಸ್ವಲ್ಪ ನಡುಗುತ್ತಿತ್ತು, ನಿಜ. ಆದರೂ ಮೈಕ್ ಬೇರೆಯವರ ಕೈಗೆ ಕೊಟ್ಟು ಇಳಿದು ಹೋಗಲಿಲ್ಲವಲ್ಲ! ನಿನ್ನ ಬಗ್ಗೆ ನನಗೆ ಅವತ್ತು ಎಷ್ಟು ಅಭಿಮಾನ ಬಂತು ಗೊತ್ತಾ?

ಮತ್ತೆ ಆ ಪದ ಎಲ್ಲಿಂದ ಬಂತು ಅಂತ ಯೋಚಿಸು. ಕಾರ್ಯಕ್ರಮ ಶುರುವಾಗಿದ್ದೇ ತೀರಿಕೊಂಡ ಸಹೋದ್ಯೋಗಿಗೆ ಶ್ರದ್ಧಾಂಜಲಿ ಹೇಳೋದರಿಂದ. ಅದನ್ನೂ ಓದಿದ್ದು ನೀನೇ. ಈಗಷ್ಟೇ ಆಡಿದ ಪದ ನಾಲಿಗೆಯ ತುದಿಯಲ್ಲೇ ಇರುತ್ತೆ, ಅದೇ ಜಾಗಕ್ಕೆ ಇನ್ನೊಂದು ಪದ ಬರಬೇಕಾದಾಗ ಹಳೆಯದೇ ನುಗ್ಗುತ್ತೆ. ಮಾತಾಡೋ ಎಲ್ಲರಿಗೂ ಆಗುವಂಥದ್ದು ಇದು. "ನನ್ನ ಮನಸ್ಸಿನಲ್ಲಿ ಏನೋ ಕೆಟ್ಟದ್ದಿತ್ತಾ" ಅಂತ ಕೇಳಿದ್ದೀಯಲ್ಲ, ಇಲ್ಲ ಕಣೇ. ದಯವಿಟ್ಟು ಆ ಯೋಚನೆಯನ್ನಂತೂ ಬಿಟ್ಟುಬಿಡು.

ಇನ್ನು ನೋಡಿದವರು ನಮ್ಮನ್ನ ಹೇಗೆ ಅಳೀತಾರೆ ಅನ್ನೋದರ ಬಗ್ಗೆ ಮನಃಶಾಸ್ತ್ರದವರು ಪ್ರಯೋಗಗಳನ್ನೇ ಮಾಡಿದ್ದಾರೆ. ಸವಿಟ್ಸ್ಕಿ, ಎಪ್ಲಿ, ಗಿಲೊವಿಚ್ ಅನ್ನೋ ಮೂವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ನಾನು ಓದಿದ್ದು. ನಾಲ್ಕು ಜನರ ಮುಂದೆ ಎಡವಿದವರು, ಉಳಿದವರು ತಮ್ಮನ್ನ ಎಷ್ಟು ಕೀಳಾಗಿ ಅಳೀತಾರೆ ಅಂದುಕೊಂಡಿದ್ದರೋ ಅಷ್ಟು ಕೀಳಾಗಿ ನೋಡಿದವರು ಅಳೆದಿರಲಿಲ್ಲ. ಕಾರಣ ಸರಳವಾಗಿದೆ. ಎಡವಿದವರ ಕಣ್ಣಿಗೆ ಆ ತಪ್ಪೊಂದೇ ಕಾಣುತ್ತೆ, ನೋಡಿದವರು ಉಳಿದದ್ದನ್ನೂ ಲೆಕ್ಕಕ್ಕೆ ತಗೋತಾರೆ. ನಮ್ಮ ಸಭೆಯಲ್ಲಿ ಉಳಿದದ್ದು ಏನು ಅಂದರೆ, ಇಷ್ಟು ವರ್ಷ ಪ್ರತಿ ಕಾರ್ಯಕ್ರಮವನ್ನೂ ಅಚ್ಚುಕಟ್ಟಾಗಿ ನಿರೂಪಿಸಿದ ನೀನು.

ಇನ್ನೊಂದು ವಿಷಯ. ಮೊದಲ ದಿನ ನೀನೇ "ಎರಡು ಕ್ಷಣ ನಕ್ಕರು" ಅಂದಿದ್ದೆ. ನಿನ್ನೆಯ ಮೆಸೇಜಿನಲ್ಲಿ "ನಗು ನಿಲ್ಲಲೇ ಇಲ್ಲ" ಅಂತ ಬರೆದಿದ್ದೀಯ. ನೆನಪು ಹಾಗೇ ಕಣೇ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತೆ, ಆವತ್ತಿನ ಭಯವೂ ಅದರೊಳಗೆ ಸೇರಿಕೊಳ್ಳುತ್ತೆ. ಯೋಚನೆ ಮಾಡಲೇಬೇಡ ಅಂತ ನಾನು ಹೇಳಲ್ಲ, ಬೇಡ ಅಂದಷ್ಟೂ ಅದು ಬರುತ್ತೆ. ಬಂದರೆ ಬರಲಿ. ಆದರೆ ನಗುವಿನ ಹತ್ತಿರ ನಿಲ್ಲಿಸಬೇಡ, ವಂದನಾರ್ಪಣೆವರೆಗೂ ಓಡಿಸು. ಸಾಹೇಬರು ಹಾರ ತೆಗೆದಿಟ್ಟು ನಿನ್ನ ಹತ್ತಿರ ಬಂದು "ಚೆನ್ನಾಗಿ ನಡೆಸಿದೆಯಮ್ಮ" ಅಂದರಲ್ಲ, ಅಲ್ಲಿವರೆಗೂ.

ಅವರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಲಾ ಅಂತ ಕೇಳಿದ್ದೀಯ. ಬೇಡ. ವೇದಿಕೆಯಲ್ಲಿ ಒಮ್ಮೆ ಕೇಳಿದೆ, ಮಾರನೇ ದಿನ ಮನೆಗೇ ಹೋಗಿ ಕೇಳಿದೆ, ಅವರೂ "ಅಯ್ಯೋ, ಬಿಡಮ್ಮ" ಅಂದರು. ಇನ್ನೊಮ್ಮೆ ಕೇಳಿದರೆ ಅವರೇ ನಿನ್ನನ್ನ ಸಮಾಧಾನ ಮಾಡೋ ಕೆಲಸ ಆಗುತ್ತೆ. ಆ ಕೆಲಸ ನನಗೆ ಬಿಡು.

ಗುಂಪಿನಲ್ಲಿ ಯಾರಾದರೂ ಆ ಮಾತೆತ್ತಿ ನಕ್ಕರೆ "ಹೌದು, ನನಗೂ ಜೀವ ಹೋದ ಹಾಗಾಗಿತ್ತು" ಅಂತಷ್ಟೇ ಹೇಳು. ವಿವರಣೆ ಕೊಡೋಕೆ ಹೋಗಬೇಡ. ಬೇಕಂತಲೇ ಚುಚ್ಚೋರು ಇದ್ದರೆ ನನಗೆ ಹೇಳು, ನಾನು ಮಾತಾಡ್ತೀನಿ.

ಮುಂದಿನ ಕಾರ್ಯಕ್ರಮದ ನಿರೂಪಣೆಗೆ ಬೇರೆಯವರನ್ನ ನೋಡಿ ಅಂತ ಪತ್ರ ಬರೆದಿಟ್ಟಿದ್ದೀಯಂತೆ. ಇವತ್ತು ಕಳಿಸಬೇಡ. ನಿದ್ದೆ ಸರಿಯಾದ ಮೇಲೂ ಬೇಡ ಅನ್ನಿಸಿದರೆ ನಾನೇ ಜೊತೆಗೆ ಬಂದು ಕೊಡ್ತೀನಿ, ಆಗ ಒಂದು ಮಾತೂ ಆಡಲ್ಲ. ಸಂಜೆ ಕೆಲಸ ಮುಗಿಸಿ ನಿನ್ನ ಮನೆಗೆ ಬರ್ತೀನಿ. ರಾತ್ರಿ ಎಚ್ಚರವಾಗಿ ಮತ್ತೆ ಅದೇ ಶುರುವಾದರೆ ಮೆಸೇಜ್ ಬೇಡ, ಫೋನೇ ಮಾಡು. ಎಷ್ಟು ಹೊತ್ತಾಗಿದ್ದರೂ ಎತ್ತುತ್ತೀನಿ.