ಚಿಮಣಿಯ ಮುಳ್ಳು

ರಾತ್ರಿ ಒಂದೂವರೆಗೆ ಕಬ್ಬಿಣದ ಏಣಿ ಹತ್ತಿ ಟಾರ್ಚ್ ಬಿಟ್ಟೆ. ಚಿಮಣಿ ಹೊಗೆಯ ಬಿಸಿ ತೋರಿಸುವ ಮೀಟರಿನ ಮುಳ್ಳು 262 ಡಿಗ್ರಿಯಲ್ಲಿ ನಿಂತಿತ್ತು.

ಗಾಜಿನ ಮೇಲಿನ ಬೂದಿ ಒರೆಸಿ ಮತ್ತೆ ನೋಡಿದೆ. 262. ಸೋಮವಾರ 256 ಇತ್ತು. ಅವತ್ತು ಲೋಡ್ ಜಾಸ್ತಿ ಇರಬೇಕು ಅಂತ ಬಿಟ್ಟಿದ್ದೆ. ಇವತ್ತು ಗುರುವಾರ, ಬಟ್ಟೆಗೆ ಬಣ್ಣ ಹಾಕುವ ಅಷ್ಟೇ ಜಿಗ್ಗರ್‌ಗಳು ಓಡುತ್ತಿವೆ, ಅದೇ ಬಣ್ಣದ ಬ್ಯಾಚ್.

ದೊಡ್ಡಬಳ್ಳಾಪುರದ ನಮ್ಮ ಡೈಯಿಂಗ್ ಫ್ಯಾಕ್ಟರಿ ಚಿಕ್ಕದು. ಎರಡು ಟನ್ನಿನ ಬಾಯ್ಲರ್, ಬ್ರಿಕೆಟ್ ಹಾಕಿ ಉರಿಸುತ್ತೇವೆ, ಏಳು ಕೆಜಿ ಪ್ರೆಷರ್. ಏಳು ಕೆಜಿಯಲ್ಲಿ ಉಗಿಯ ಬಿಸಿ 170 ಡಿಗ್ರಿ. ಹೊಗೆ ಅದಕ್ಕಿಂತ ಐವತ್ತು ಡಿಗ್ರಿ ಮೇಲಿದ್ದರೆ ಸರಿ. ತೊಂಬತ್ತು ಮೇಲಿದೆ ಅಂದರೆ ಬೆಂಕಿಯ ಬಿಸಿ ನೀರಿಗೆ ಇಳಿಯುತ್ತಿಲ್ಲ, ಚಿಮಣಿ ಹಿಡಿದು ಆಕಾಶಕ್ಕೆ ಹೋಗುತ್ತಿದೆ.

ಕೆಳಗಿಳಿದು ಲಾಗ್ ಪುಸ್ತಕ ತೆಗೆದೆ. ಹಗಲು ಶಿಫ್ಟಿನಲ್ಲಿ 220. ಗಂಟೆ ಗಂಟೆಗೂ 220. ಹಿಂದಿನ ದಿನ 220, ಹಿಂದಿನ ವಾರ 220. ನಾನು ತಂಗಿ ಮದುವೆಗೆ ಅಂತ ಊರಿಗೆ ಹೋಗಿದ್ದ ಒಂದು ತಿಂಗಳೂ 220. ಅದಕ್ಕೂ ಹಿಂದಿನ ಪುಟಗಳಲ್ಲಿ ನನ್ನ ಅಕ್ಷರ ಸಿಕ್ಕಿತು: 219, 217, 222. ನಿಜವಾದ ಮುಳ್ಳು ಹಾಗೇ ಇರುತ್ತದೆ, ಒಂದೇ ಕಡೆ ಕೂತಿರಲ್ಲ.

ಹಗಲಿನವರು ನಾಗರಾಜಣ್ಣ. ನನಗೆ ಈ ಕೆಲಸ ಕಲಿಸಿದವರು. ಗೇಜ್ ಗ್ಲಾಸಿನಲ್ಲಿ ಬಾಯ್ಲರ್ ನೀರಿನ ಮಟ್ಟ ನೋಡದೆ ಊಟದ ಡಬ್ಬಿ ಬಿಚ್ಚಬಾರದು ಅಂತ ಹೇಳಿಕೊಟ್ಟವರು. ಈಗ ಅವರಿಗೆ ಮಂಡಿ ನೋವು. ಆ ಏಣಿ ಹನ್ನೊಂದು ಮೆಟ್ಟಿಲು.

"ಏನಣ್ಣಾ, ಅಷ್ಟೊತ್ತಿಂದ ಪುಸ್ತಕ ನೋಡ್ತಿದೀರಾ?" ಮಲ್ಲೇಶ ಕೇಳಿದ. ರಾಯಚೂರಿನ ಹುಡುಗ, ಬ್ರಿಕೆಟ್ ಹಾಕುವವನು.

"ದಿನಾ ರಾತ್ರಿ ಎಷ್ಟು ಚೀಲ ಹಾಕ್ತಿದೀಯ?"

"ಐವತ್ತು ಹಾಕ್ತಿದ್ದೆ. ಈಗ ಐವತ್ತೊಂದು, ಒಂದೊಂದ್ ದಿನ ಐವತ್ತೆರಡು."

ಹೊಗೆ ಇಪ್ಪತ್ತು ಇಪ್ಪತ್ತೆರಡು ಡಿಗ್ರಿ ಏರಿದರೆ ಸುಮಾರು ನೂರಕ್ಕೆ ಒಂದು ಪಾಲು ಸೌದೆ ದಂಡ. ನಲವತ್ತು ಏರಿದೆ. ಲೆಕ್ಕ ಸರಿಯಾಗಿತ್ತು. ಆದರೆ ಐವತ್ತು ಚೀಲದಲ್ಲಿ ಒಂದು ಚೀಲ ಯಾರ ಕಣ್ಣಿಗೂ ಬೀಳಲ್ಲ.

ಗಾಳಿ ಜಾಸ್ತಿ ಎಳೆದರೂ ಹೊಗೆ ಬಿಸಿಯಾಗುತ್ತದೆ. ಡ್ಯಾಂಪರ್ ನೋಡಿದೆ, ಗುರುತು ಇದ್ದಲ್ಲೇ ಇತ್ತು. ಹಾಗಾದರೆ ಕೊಳೆ. ಆದರೆ ಯಾವ ಕಡೆ?

ನಮ್ಮ ಅಮ್ಮನ ಬಚ್ಚಲ ಹಂಡೆ ನೆನಪಾಯಿತು. ಹೊರಗೆ ಮಸಿ, ಒಳಗೆ ಬೋರ್ ನೀರಿನ ಬಿಳಿ ಪೊರೆ. ಎರಡೂ ಸೇರಿದರೆ ಎಷ್ಟು ಸೌದೆ ಒಟ್ಟಿದರೂ ನೀರು ಕಾಯದು. ಅಮ್ಮ ಹೊರಗಡೆ ಬೂದಿ ಹಾಕಿ ಉಜ್ಜಿದರೆ ಒಳಗಡೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಬಾಯ್ಲರ್ ಕೂಡ ಹಂಡೆಯೇ, ಒಳಗು ಹೊರಗು ಅದಲುಬದಲು ಅಷ್ಟೆ. ಟ್ಯೂಬಿನ ಒಳಗೆ ಹೊಗೆ, ಸುತ್ತ ನೀರು. ಮಸಿ ಒಳಗೆ ಕಟ್ಟುತ್ತದೆ, ಪೊರೆ ಹೊರಮೈಗೆ. ಮಸಿಯಾದರೆ ದುಡ್ಡು ಹೋಗುತ್ತದೆ. ಪೊರೆಯಾದರೆ ದುಡ್ಡಿನ ಜೊತೆ ಟ್ಯೂಬೂ ಹೋಗುತ್ತದೆ. ನೀರು ತಾಗದ ಕಬ್ಬಿಣ ಬೆಂಕಿಯನ್ನು ಎಷ್ಟು ದಿನ ತಡೆದೀತು?

ಮಾರನೇ ದಿನ ವಾರದ ರಜೆ. ಬಾಯ್ಲರ್ ಆರಿದ ಮೇಲೆ ನಾನೂ ಮಲ್ಲೇಶನೂ ಬಾಗಿಲು ತೆಗೆದು ಟ್ಯೂಬಿಗೆ ಬ್ರಷ್ ಹಾಕಿದೆವು. ಬಾಂಡ್ಲಿಗಟ್ಟಲೆ ಮಸಿ ಬಂತು. ಮಲ್ಲೇಶನ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಶನಿವಾರ ರಾತ್ರಿ ಪೂರ್ತಿ ಲೋಡ್ ಬಂದ ಮೇಲೆ ಏಣಿ ಹತ್ತಿದೆ.

245.

ಇಳಿದಿದ್ದು ಹದಿನೇಳೇ. ಟ್ಯೂಬು ಕನ್ನಡಿಯಂತಿದ್ದರೂ ಇನ್ನೂ ಇಪ್ಪತ್ತೈದು ಜಾಸ್ತಿ.

ನೀರಿನ ಟೆಸ್ಟ್ ಕಿಟ್ ಬೀರುವಿನ ಮೂಲೆಯಲ್ಲಿತ್ತು. ಮೊದಲು, ಬೋರ್ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್‌ನಿಂದ ಹೊರಬರುವ ನೀರು ಹಿಡಿದೆ. ಬಫರ್ ಹಾಕಿ, ಚಿಟಿಕೆ ಪುಡಿ ಹಾಕಿ ಅಲ್ಲಾಡಿಸಿದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ತಿಳಿ ನೀಲಿ. ಒಳ್ಳೆಯ ನೀರು. ಆಮೇಲೆ ಬಾಯ್ಲರ್‌ಗೆ ನೀರು ಹೋಗುವ ಫೀಡ್ ಟ್ಯಾಂಕಿನ ನೀರು ಹಿಡಿದೆ. ಪುಡಿ ಬಿದ್ದ ಕೂಡಲೇ ದ್ರಾಕ್ಷಿ ಹಣ್ಣಿನ ರಸದ ಬಣ್ಣ. ಗಡಸು ನೀರು, ಪೊರೆ ಕಟ್ಟುವ ನೀರು.

ಸಾಫ್ಟ್‌ನರ್ ಬಿಟ್ಟ ನೀರು ನೀಲಿ. ಟ್ಯಾಂಕ್ ಸೇರಿದ ನೀರು ಕೆಂಪು. ನಡುವೆ ಇರುವುದು, ಬೋರ್ ನೀರನ್ನು ನೇರ ಟ್ಯಾಂಕಿಗೆ ಬಿಡುವ ಬೈಪಾಸ್ ವಾಲ್ವ್ ಒಂದೇ.

ಅದರ ಹಿಡಿ ಅಡ್ಡಲಾಗಿತ್ತು, ಬಂದ್ ಆಗಿದೆ ಅನ್ನುವ ಹಾಗೆ. ಪೈಪಿನ ಮೇಲೆ ಕೈಯಿಟ್ಟೆ. ನೀರು ಹರಿಯುವ ಸಣ್ಣ ನಡುಕ ಅಂಗೈಗೆ ತಾಗಿತು. ಹಿಡಿ ತಿರುಗಿಸಿದರೆ ಸುಮ್ನೆ ತಿರುಗಿತು. ಒಳಗಿನ ಬಾಲ್ ಅರ್ಧ ತೆರೆದೇ ಇತ್ತು.

ಆಗ ನೆನಪಾಯಿತು. ಊರಿಗೆ ಹೋಗುವ ಮುಂಚಿನ ವಾರ, ಸಾಫ್ಟ್‌ನರ್‌ಗೆ ಹಾಕಲು ಉಪ್ಪು ಮುಗಿದಿತ್ತು, ಟ್ಯಾಂಕಿನ ನೀರು ಇಳಿಯುತ್ತಿತ್ತು. ಬೈಪಾಸ್ ತೆರೆದವನು ನಾನೇ. ಬೆಳಗ್ಗೆ ಮುಚ್ಚಿದ್ದೂ ನಾನೇ. ಬಿಗಿಯಾಗಿತ್ತು ಅಂತ ಜೋರಾಗಿ ಒತ್ತಿದ್ದೆ. ಮುಚ್ಚಿದ ಮೇಲೆ ನೀರು ಟೆಸ್ಟ್ ಮಾಡಿರಲಿಲ್ಲ.

ಅಲ್ಲೇ ಉಪ್ಪಿನ ಚೀಲದ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಬೆಳಗ್ಗೆ ಆರಕ್ಕೆ ನಾಗರಾಜಣ್ಣ ಬಂದರು. ಎರಡು ಸೀಸೆ ಮುಂದಿಟ್ಟೆ, ವಾಲ್ವಿನ ವಿಷಯ ಮೊದಲು ಹೇಳಿದೆ. ಆಮೇಲೆ ಲಾಗ್ ಪುಸ್ತಕ ತೆರೆದೆ. ಏನೂ ಹೇಳಲಿಲ್ಲ. ಅವರೂ ನೋಡಿದರು.

"ಮೇಲಕ್ಕೆ ಹತ್ತೋಕಾಗಲ್ಲ ಕಣೋ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹತ್ತೋಕಾಗಲ್ಲ ಅಂತ ಹೇಳ್ಬೇಕಿತ್ತು," ಅಂದರು.

ಓನರ್ ಹತ್ತಿರ ಇಬ್ಬರೂ ಹೋದೆವು. "ಸೋಮವಾರ ಲಾರಿ ಬರುತ್ತೆ, ಬಟ್ಟೆ ಕೊಡ್ಬೇಕು, ಒಂದು ವಾರ ತಳ್ಳೋಕಾಗಲ್ವಾ?" ಅಂದರು. ಅವರದ್ದೂ ತಪ್ಪಲ್ಲ, ಇಪ್ಪತ್ತು ಮನೆ ಆ ಲಾರಿಯಿಂದ ನಡೆಯುತ್ತವೆ. ಆದರೆ ನಾಗರಾಜಣ್ಣ ಜಗ್ಗಲಿಲ್ಲ. "ಸರ್, ಟ್ಯೂಬ್ ಉಬ್ಬಿದ್ರೆ ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ಕೊಡಲ್ಲ. ಆಗ ವಾರ ಅಲ್ಲ, ತಿಂಗಳುಗಟ್ಟಲೆ ನಿಲ್ಲುತ್ತೆ. ಒಡೆದರೆ ಎದುರಿಗೆ ನಿಂತಿರೋನು ಈ ಹುಡುಗ." ಮಲ್ಲೇಶ ಬಾಗಿಲ ಹತ್ತಿರ ನಿಂತಿದ್ದ.

ಭಾನುವಾರ ರಾತ್ರಿಯೇ ಆರಿಸಿದೆವು. ತಾನಾಗಿ ತಣ್ಣಗಾಗಲು ಬಿಟ್ಟು, ನೀರು ಖಾಲಿ ಮಾಡಿ, ಸೋಮವಾರ ಸಂಜೆ ಮ್ಯಾನ್‌ಹೋಲ್ ತೆಗೆದೆವು. ಟಾರ್ಚ್ ಬೆಳಕಿಗೆ ಟ್ಯೂಬುಗಳು ಸುಣ್ಣ ಬಳಿದ ಹಾಗೆ ಕಂಡವು. ಕೈ ಹಾಕಿ ಉಗುರಿನಿಂದ ಕೆರೆದೆ. ಒಂದು ಚಕ್ಕೆ ಎದ್ದು ಬಂತು. ಮೊಟ್ಟೆ ಚಿಪ್ಪಿನಷ್ಟೇ ದಪ್ಪ, ಒಂದು ಕಡೆ ಬಿಳಿ, ಕಬ್ಬಿಣಕ್ಕೆ ಅಂಟಿದ್ದ ಕಡೆ ಕಂದು. ಓನರ್ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟಕ್ಕಾ?" ಅಂದರು. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಟ್ಯೂಬು ಯಾವುದೂ ಉಬ್ಬಿರಲಿಲ್ಲ. ಡಿಸ್ಕೇಲಿಂಗ್‌ನವರು ಬಂದು ಆಸಿಡ್ ಹರಿಸಿ, ತೊಳೆದು ಹೋದರು. ಹೊಸ ವಾಲ್ವ್ ಹಾಕಿದೆವು. ಹೊಗೆಯ ಟೆಂಪರೇಚರ್ ತೋರಿಸುವ ಮೀಟರನ್ನು ಕೆಳಗೆ, ಪ್ಯಾನೆಲ್ ಪಕ್ಕಕ್ಕೇ ತಂದು ಕೂರಿಸಲು ಓನರ್ ಒಪ್ಪಿದರು. ಬರುವುದು ಮುಂದಿನ ವಾರ.

ಬುಧವಾರ ರಾತ್ರಿ ಮತ್ತೆ ಬೆಂಕಿ ಹಾಕಿದೆವು. ಎರಡು ಗಂಟೆಗೆ 216. ನಾಲ್ಕಕ್ಕೆ 219. ಫೀಡ್ ಟ್ಯಾಂಕಿನ ನೀರು ನೀಲಿ.

ಆರು ಗಂಟೆಗೆ ನಾಗರಾಜಣ್ಣ ಡಬ್ಬಿ ಗೂಟಕ್ಕೆ ಹಾಕಿದರು. ಗೇಜ್ ಗ್ಲಾಸ್ ನೋಡಿದರು. ಕನ್ನಡಕ ಏರಿಸಿ, ಪುಸ್ತಕ ತೆರೆದು, ಪೆನ್ನು ಹಿಡಿದು ನಿಂತರು. ಬರೆಯಲಿಲ್ಲ. ಮನೆಗೆ ಹೊರಟಿದ್ದ ಮಲ್ಲೇಶ ಅದನ್ನು ನೋಡಿ ಏಣಿ ಹತ್ತಿದ.

"ಎಷ್ಟಪ್ಪಾ?"

"ಇನ್ನೂರ ಹದಿನೆಂಟು ಅಣ್ಣಾ!"

"ಸರಿಯಾಗಿ ನೋಡು."

"ಹದಿನೆಂಟೇ!"

ನಾಗರಾಜಣ್ಣ ಬಗ್ಗಿ, ನಿಧಾನವಾಗಿ, 218 ಅಂತ ಬರೆದರು.